ಎಪ್ಪತ್ತೆರಡು ಪ್ರತಿಶತ ಸುಖ

ಪ್ರಬಂಧ ಬರೆಯುವುದನ್ನು ಕಲಿಯಬೇಕೆಂದರೆ ಶಿವಪ್ರಸಾದ ಮಾಸ್ತರರ ಹತ್ತಿರವೇ ಹೋಗಬೇಕು ಎಂಬುದು ಸಿಂಧನೂರಿನ ಮಾತು. ಮಾತು ಊರಿನದೇ, ಆದರೆ ಅದನ್ನು ಊರಿಗೆ ಹಬ್ಬಿಸಿದವರು ಮಾಸ್ತರರೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೋಚಿಂಗ್ ಕ್ಲಾಸು. ಪೊಲೀಸ್ ಪರೀಕ್ಷೆ, ಗುಮಾಸ್ತರ ಪರೀಕ್ಷೆ, ಪಂಚಾಯ್ತಿ ಪರೀಕ್ಷೆ, ಯಾವುದೇ ಬರಲಿ, ಪ್ರಬಂಧಕ್ಕೆ ಮಾಸ್ತರರ ಸೂತ್ರ ಒಂದೇ: ಮೊದಲಿಗೆ ಒಬ್ಬ ಚಿಂತಕ, ನಡುವೆ ಒಂದು ಪ್ರತಿಶತದ ಅಂಕಿ, ಕೊನೆಗೆ ಆಶಾಭಾವನೆ.

"ಚಿಂತಕರ ಹೆಸರು ಏನ್ ಹಾಕೋದ್ರಿ ಸರ?" ಎಂದು ಹೊಸಬರು ಕೇಳಿದರೆ ಮಾಸ್ತರರಿಗೆ ನಗು ಬರುತ್ತಿತ್ತು.

"ಹೆಸರು ಯಾಕ ಬೇಕು? 'ಚಿಂತಕರೊಬ್ಬರು ಹೇಳಿದಂತೆ' ಅಂತ ಬರೀ. ಪೇಪರ್ ತಿದ್ದಾವರು ಏನು ಆ ಚಿಂತಕನ ಮನೀಗೆ ಹೋಗಿ ಕೇಳ್ತಾರೇನು?"

ಇಂಥ ಮಾಸ್ತರರಿಗೆ ಲೆಕ್ಚರರ್ ಆಗುವ ಆಸೆ ಹುಟ್ಟಿತು. ಆಸೆಯೇನೂ ಸಣ್ಣದಲ್ಲ; ಕನ್ನಡಿ ಮುಂದೆ ನಿಂತು "ನಮಸ್ಕಾರ ಲೆಕ್ಚರರ್ ಸರ್" ಎಂದು ತಮಗೆ ತಾವೇ ಹೇಳಿಕೊಳ್ಳುವಷ್ಟು ದೊಡ್ಡದು. ಲಿಂಗಸುಗೂರಿನ ಒಂದು ಖಾಸಗಿ ಕಾಲೇಜಿನ ಅಧ್ಯಕ್ಷರು, "ಜೂನ್‌ದಾಗ ಒಂದು ಜಾಗ ಖಾಲಿ ಆಗತೈತಿ. ಎಂ.ಎ. ಮುಗಿಸಿಕೊಂಡು ಬರ್ರಿ, ನಿಮಗ ಕೊಡ್ತೀವಿ" ಎಂದು ಮಾತು ಕೊಟ್ಟಿದ್ದರು. ಮಾಸ್ತರರು ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರಕ್ಕೆ ಸೇರಿದ್ದರು. ಎಲ್ಲ ವಿಷಯ ದಾಟಿತ್ತು. ಒಂದು ಅಸೈನ್‌ಮೆಂಟ್ ಮಾತ್ರ ಉಳಿದಿತ್ತು. ಅದರಲ್ಲಿ ಪಾಸಾಗದಿದ್ದರೆ ವರ್ಷ ಹೋಯಿತು, ಜೂನ್ ಹೋಯಿತು, ಜಾಗವೂ ಬೇರೆಯವರ ಪಾಲು.

ಆ ಅಸೈನ್‌ಮೆಂಟಿನ ಪದ್ಧತಿ ವಿಚಿತ್ರವಾಗಿತ್ತು. ಲಿಂಗಸುಗೂರಿನ ಅಧ್ಯಯನ ಕೇಂದ್ರದಲ್ಲಿ ಪದ್ಮಾವತಿ ಎಂಬ ಮೇಡಂ ಮೊದಲು ಒಂದು ತಾಸಿನ ಪರೀಕ್ಷೆ ಇಟ್ಟಿದ್ದರು. ಪ್ರಶ್ನೆ: 'ಕಾಲುವೆಯಿಂದ ಸಿಂಧನೂರು ಭಾಗದ ಜನರ ಬದುಕು ಸುಧಾರಿಸಿದೆಯೇ?' ಮಾಸ್ತರರು ಎಲ್ಲರಿಗಿಂತ ಮೊದಲು ಬರೆದು ಮುಗಿಸಿ, ಉಳಿದವರನ್ನು ಕನಿಕರದಿಂದ ನೋಡುತ್ತ ಕೂತಿದ್ದರು. ಅಂಕವೂ ಚೆನ್ನಾಗಿಯೇ ಬಂತು. ಆದರೆ ಮೇಡಂ ಪೇಪರು ಕೊಡುವಾಗ, "ಇದು ಪರೀಕ್ಷೆಗೆ ಸಾಕು. ಈಗ ಇದನ್ನೇ ಕೋರ್ಸಿನ ಪ್ರಬಂಧ ಮಾಡಿ ತರ್ರಿ. ಪುರಾವೆ ಬೇಕು, ಕಟ್ಟು ಬೇಕು. ಟೈಮ್ ಇರಲಿಲ್ಲ ಅನ್ನೋ ಮಾತು ಇನ್ನ ನಡ್ಯಂಗಿಲ್ಲ" ಎಂದರು.

ಮಾಸ್ತರರು ಇದನ್ನು ತಮಗೆ ತಿಳಿದಂತೆ ತಿಳಿದುಕೊಂಡರು. ಪ್ರಬಂಧ ಬೆಳೆಸಬೇಕು, ಅಷ್ಟೇ ತಾನೆ? ಒಬ್ಬ ಚಿಂತಕ ಇದ್ದಲ್ಲಿ ನಾಲ್ವರು ಬಂದರು. ನೀರೇ ಜೀವ ಎಂಬ ಪೀಠಿಕೆಗೆ ಇನ್ನೆರಡು ಪುಟ ನೀರು ಬೆರೆಯಿತು. ತಲೆಬರಹಗಳು ಹಸಿರು ಶಾಯಿಯಲ್ಲಿ, ಅಡಿಗೆರೆಗಳು ಕೆಂಪು ಶಾಯಿಯಲ್ಲಿ ಬಂದವು. ಅವರ ಹಳೆಯ ಶಿಷ್ಯ ಮುಷರಫ್‌ನ ಜೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ ಸ್ಪೈರಲ್ ಬೈಂಡಿಂಗ್ ಆಯಿತು, ಮೇಲೆ ಭತ್ತದ ಗದ್ದೆಯ ಬಣ್ಣದ ಚಿತ್ರವೂ ಕೂತಿತು.

"ಪ್ರಬಂಧ ಐತೋ, ಮದುವಿ ಆಲ್ಬಮ್ ಐತೋ?" ಎಂದಳು ಹೆಂಡತಿ ಅಮರಮ್ಮ.

"ನಿನಗ ತಿಳ್ಯಂಗಿಲ್ಲ, ಸುಮ್ಕಿರು" ಎಂದು ಮಾಸ್ತರರು ಬಸ್ಸು ಹತ್ತಿದರು.

ಪದ್ಮಾವತಿ ಮೇಡಂ ಚಿತ್ರವನ್ನು ನೋಡಲೇ ಇಲ್ಲ. ಪೆನ್ಸಿಲ್ ತೆಗೆದುಕೊಂಡು ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಹೇಳುತ್ತದೆ ಎಂದು ಒಂದೊಂದೇ ಮಾತು ಬರೆಯುತ್ತ ಹೋದರು. 'ನೀರು ಮುಖ್ಯ.' ಮುಂದಿನದಕ್ಕೂ 'ನೀರು ಮುಖ್ಯ.' ಅದರ ಮುಂದಿನದಕ್ಕೆ 'ಮತ್ತೆ ನೀರು.' ಮಾಸ್ತರರ ಕಿವಿ ಬೆಚ್ಚಗಾಗತೊಡಗಿತು.

"ಹಳೇ ಪ್ರಬಂಧಾನ ತುಪ್ಪ ತಿನಿಸಿ ದಪ್ಪ ಮಾಡೀರಿ, ಸರ. ಬದಲು ಏನೂ ಆಗಿಲ್ಲ" ಎಂದ ಮೇಡಂ ಕೊನೆಯ ಪುಟಕ್ಕೆ ಹೋಗಿ ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. "ಇಲ್ಲಿ ನೋಡ್ರಿ. 'ಆದರೆ ಕಾಲುವೆ ಮುಟ್ಟದ ಊರುಗಳ ಮಾತು ಬೇರೆ.' ಪರೀಕ್ಷಾದಾಗ ಎಲ್ಲಾ ಮುಗಿಸಿ ಕೂತು, ಗಂಟೆ ಹೊಡ್ಯಾಕ ಬಂದಾಗ ಸೇರಿಸೀರಿ ಅನಿಸ್ತೈತಿ. ಇಡೀ ಪ್ರಬಂಧದಾಗ ವಿಚಾರ ಮಾಡಿ ಬರದ ಸಾಲು ಇದೊಂದೇ. ಇದನ್ನ ಮೊದಲ ಪುಟಕ್ಕ ತರ್ರಿ. ನಿಮ್ಮ ವಾದ ಇದೇ ಆಗಲಿ. ಆಮ್ಯಾಲೆ ಒಂದು ಪ್ಯಾರಾಕ್ಕ ಒಂದು ಮಾತು, ಆ ಮಾತಿಗೆ ಒಂದು ಆಧಾರ. ನಿಮ್ಮ ವಿರುದ್ಧ ಯಾರು ಏನಂತಾರ ಅನ್ನೋದನ್ನೂ ಬರ್ದು ಉತ್ತರ ಕೊಡ್ರಿ."

ನಂತರ ನಡುವಿನ ಪುಟಕ್ಕೆ ಬಂದು ಕೇಳಿದರು: "'ಕಾಲುವೆ ಬಂದ ಮೇಲೆ ಶೇಕಡಾ ಎಪ್ಪತ್ತೆರಡರಷ್ಟು ಕುಟುಂಬಗಳು ಸುಖಜೀವನ ನಡೆಸುತ್ತಿವೆ.' ಇದು ಯಾರು ಎಣಿಸಿದ್ದು?"

"ಅದು ಎಲ್ಲಾರಿಗೂ ಗೊತ್ತಿರೋ ಅಂಕಿ ಐತ್ರಿ ಮೇಡಂ."

"ನನಗ ಗೊತ್ತಿಲ್ಲ. ಮುಂದಿನ ಭಾನುವಾರ ಅಡಿಟಿಪ್ಪಣಿ ಹಾಕಿ ತರ್ರಿ. ಅದೇ ಕಡೀ ದಿನ."

ಮಾಸ್ತರರು ಹುಡುಕಲು ಹೊರಟರು. ಹುಡುಕುವ ಕೆಲಸ ಅವರಿಗೆ ಹೊಸದು. ಇಷ್ಟು ವರ್ಷ ಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲೇ ಸಿಗುತ್ತಿತ್ತು. ಗ್ರಂಥಾಲಯದಲ್ಲಿ ಸಿಗಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತ, "ಸುಖದ ಲೆಕ್ಕ ನಮ್ಮ ಖಾತೆಗೆ ಬರಂಗಿಲ್ರಿ" ಎಂದ. ಮುಷರಫ್‌ನ ಅಂಗಡಿಯಲ್ಲಿ ಮಾತ್ರ ಅದೃಷ್ಟ ಖುಲಾಯಿಸಿತು. ಮುಷರಫ್ ತಾನೇ ಬರೆದು ತಾನೇ ಅಚ್ಚು ಹಾಕಿಸಿದ 'ಪ್ರಬಂಧ ವಿಜಯ' ಎಂಬ ಗೈಡಿನಲ್ಲಿ, ಪುಟದ ನಟ್ಟನಡುವೆ, ದಪ್ಪ ಅಕ್ಷರದಲ್ಲಿ ಎಪ್ಪತ್ತೆರಡು ಕೂತಿತ್ತು. ಪಕ್ಕದಲ್ಲಿದ್ದ ಸ್ಥಳೀಯ ಪತ್ರಿಕೆಯಲ್ಲೂ ಯಾರೋ ಮುಖಂಡರ ಭಾಷಣದಲ್ಲಿ ಅದೇ ಎಪ್ಪತ್ತೆರಡು. ಒಂದಲ್ಲ, ಎರಡು ಆಧಾರ! ಮಾಸ್ತರರು ಅಂಗಡಿಯಲ್ಲೇ ಚಹಾ ತರಿಸಿದರು.

"ಮುಷರಫ್, ಈ ಅಂಕಿ ನಿನಗ ಎಲ್ಲಿ ಸಿಕ್ತು?"

ಮುಷರಫ್ ಕಣ್ಣರಳಿಸಿದ. "ಯಾಕ್ರಿ ಸರ, ಚೇಷ್ಟಿ ಮಾಡ್ತೀರೇನು? ನೀವೇ ಬೋರ್ಡಿನ ಮ್ಯಾಲೆ ಬರದಿದ್ರಿ. ಆ ಭಾಷಣಾನೂ ನಾನೇ ಟೈಪ್ ಮಾಡಿಕೊಟ್ಟಿದ್ದು, ಅದರಾಗೂ ಹಾಕೀನಿ."

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ನೆನಪಾಗದೆ ಏನು! ಒಂದು ಸಂಜೆ ಕ್ಲಾಸಿನಲ್ಲಿ ಎಪ್ಪತ್ತು ಎಂದರೆ ತೀರ ಅಂದಾಜಿನಂತೆ ಕಾಣುತ್ತದೆ, ಮೇಲೆ ಎರಡು ಇದ್ದರೆ ಎಣಿಸಿದಂತೆ ಕಾಣುತ್ತದೆ ಎಂದು ಅವರೇ ಕಲಿಸಿದ್ದರು.

ಮರ್ಯಾದಸ್ಥರಾದರೆ ಅಲ್ಲಿಗೆ ಅದನ್ನು ಬಿಡುತ್ತಿದ್ದರು. ನಮ್ಮ ಮಾಸ್ತರರು ರಾತ್ರಿಯೆಲ್ಲ ಹೊರಳಾಡಿ, ಅಚ್ಚಾದದ್ದು ಅಚ್ಚಾದದ್ದೇ, ಹುಟ್ಟಿಸಿದವನು ಯಾರಾದರೇನು ಎಂಬ ತೀರ್ಮಾನಕ್ಕೆ ಬಂದರು. ಅಡಿಟಿಪ್ಪಣಿಯಲ್ಲಿ ಗೈಡಿನ ಹೆಸರು, ಪುಟ, ಎಲ್ಲ ನೀಟಾಗಿ ಹಾಕಿದರು. ಬುದ್ಧಿವಂತನಿಗೆ ಮೂರು ಕಡೆ ಎಂಬಂತೆ, ಮೇಡಂಗೆ ನಂಬಿಕೆ ಬರಲಿ ಎಂದು ಗೈಡನ್ನೂ ಜೊತೆಗೆ ಒಯ್ದರು.

ಪದ್ಮಾವತಿ ಮೇಡಂ ಗೈಡು ತೆರೆದದ್ದು ಮೊದಲ ಪುಟದಿಂದ. ಅಲ್ಲಿ ಮುಷರಫ್‌ನ ಕೃತಜ್ಞತೆಯ ಮಾತಿತ್ತು. ಮೇಡಂ ಅದನ್ನು ದೊಡ್ಡದಾಗಿ ಓದಿದರು: "'ಈ ಪುಸ್ತಕದ ಸಕಲ ಅಂಕಿಅಂಶಗಳೂ ಪೂಜ್ಯ ಗುರುಗಳಾದ ಶ್ರೀ ಶಿವಪ್ರಸಾದ ಸರ್ ಅವರ ಧಾರೆ.'"

ಕೋಣೆಯಲ್ಲಿದ್ದ ಉಳಿದ ವಿದ್ಯಾರ್ಥಿಗಳು ತಲೆ ತಗ್ಗಿಸಿ ನಕ್ಕರು. ಮಾಸ್ತರರಿಗೆ ನಾಚಿಕೆಯಾಯಿತು, ನೆಲ ಬಿರಿದು ಬಾಯಿ ತೆರೆಯಬಾರದೇ ಎನ್ನುವಷ್ಟು ನಾಚಿಕೆ.

"ನಿಮಗ ನೀವೇ ಸಾಕ್ಷಿ ಹೇಳಾಕತ್ತೀರಿ" ಎಂದರು ಮೇಡಂ. ಸಿಟ್ಟಿನಿಂದಲ್ಲ, ಅದೇ ಹೆಚ್ಚು ಸುಟ್ಟಿತು. "ಇವತ್ತು ತಗೊಂಡ್ರ ಫೇಲ್ ಮಾಡಬೇಕಾಗತೈತಿ. ಅಂಕದ ಯಾದಿ ಮೇಲಕ್ಕ ಹೋಗೋದು ಶುಕ್ರವಾರ. ಅಲ್ಲೀತನಕ ಬಿಡ್ತೀನಿ. ಅಂಕಿ ತಗೀರಿ. ಉಳಿದದ್ದು ನಿಂತ್ರ ತರ್ರಿ."

ಮನೆಗೆ ಬಂದು ಅಂಕಿ ತೆಗೆದರು. ಅದರ ಮೇಲೆ ನಿಂತಿದ್ದ ಪ್ಯಾರಾಗಳೆಲ್ಲ ಉದುರಿದವು. ಚಿಂತಕರನ್ನು ಹೊರಹಾಕಿದರು, ಪೀಠಿಕೆಯೂ ಅವರ ಹಿಂದೆಯೇ ಹೋಯಿತು. ಕೊನೆಗೆ ಉಳಿದದ್ದು ಕಾಲುವೆ ಮುಟ್ಟದ ಊರುಗಳ ಮಾತು ಬೇರೆ ಎಂಬ ಆ ಒಂದೇ ಸಾಲು.

"ಏನು ಬ್ಯಾರೆ?" ಎಂದು ಅಮರಮ್ಮ ಕೇಳಿದಳು. ಅವಳ ತವರು ಮಸ್ಕಿ ಕಡೆಯ ಪಾಮನಕಲ್ಲೂರು. ಮಳೆ ನಂಬಿದ ಊರು, ಕಾಲುವೆ ನೀರು ಕಂಡದ್ದಲ್ಲ. ಅಳಿಯನಾಗಿ ಅಷ್ಟು ಸಲ ಹೋಗಿ ಹೋಳಿಗೆ ಉಂಡು ಬಂದಿದ್ದ ಮಾಸ್ತರರಿಗೆ ಏನು ಬೇರೆ ಎಂದು ಹೇಳಲು ಬರಲಿಲ್ಲ.

ಮರುದಿನ ಗಂಡಹೆಂಡತಿ ಪಾಮನಕಲ್ಲೂರಿಗೆ ಹೋದರು. ಮಾಸ್ತರರು ಮನೆಮನೆಗೆ ಹೋಗಿ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿದರು: ಹೊಲ ಎಷ್ಟು, ಬೆಳೆ ಎಷ್ಟು ಸಲ, ಕೂಲಿಗೆ ಎಲ್ಲಿಗೆ. ಕಾಲುವೆಯಿಂದ ಈ ಊರಿಗೆ ಏನೂ ಸಿಕ್ಕಿಲ್ಲ ಎಂಬ ವಾದವನ್ನು ಅವರು ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದರು. ಅಮರಮ್ಮನ ಬಾಲ್ಯದ ಗೆಳತಿ ದಾವಲ್‌ಬೀ ಅದನ್ನು ಕೆಡಿಸಿದಳು.

"ಏನೂ ಸಿಕ್ಕಿಲ್ಲ ಅಂತ ಬರೀಬ್ಯಾಡ್ರಿ ಭಾವಾ. ನಾಟಿ ಹಚ್ಚಾಕ ವರ್ಷಾ ನಾವು ಕಾಲುವಿ ನೀರಿನ ಗದ್ದಿ ಇರೋ ಕ್ಯಾಂಪ್‌ಗಳಿಗೆ ಹೊಕ್ಕೀವಿ. ಆ ಕೂಲಿಯಿಂದನ ನನ್ನ ಮಗಳು ಓದ್ಯಾಳ. ಆದ್ರ ಗದ್ದಿ ನಮ್ಮದಲ್ಲ, ಸೊಂಟ ನಮ್ಮದು."

ಬೇರೆ ಬೇರೆ ಮನೆಗಳವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಕೆಲವರು ಹೇಳಲಿಲ್ಲ, ಅದನ್ನೂ ಬರೆದುಕೊಳ್ಳಬೇಕಾಯಿತು. ಪುರಾವೆ ಸಿಕ್ಕಮೇಲೆ ವಾದವೇ ತಿರುಗಿತು. ಮಾಸ್ತರರು ಕೂತು ಬರೆದರು: ಕಾಲುವೆಯ ನೀರು ಒಂದು ಊರಿಗೆ, ಅದರ ಕೂಲಿ ಇನ್ನೊಂದು ಊರಿಗೆ, ಸುಧಾರಿಸಿದ್ದು ಎರಡೂ ಕಡೆ, ಆದರೆ ಒಂದೇ ಸಮನಾಗಿ ಅಲ್ಲ. ಉತ್ತರ ಮೊದಲ ಪ್ಯಾರಾದಲ್ಲೇ ಬಂತು. ನೀರಾವರಿ ಕ್ಷೇತ್ರದ ವ್ಯತ್ಯಾಸಕ್ಕೆ ಜಿಲ್ಲಾ ಅಂಕಿಅಂಶ ಪುಸ್ತಕ, ಕೂಲಿಗೆ ಜನರ ಮಾತು, ಕಾಲುವೆಯಿಂದ ಎಲ್ಲರೂ ಸುಖಿ ಎನ್ನುವವರಿಗೆ ಒಂದು ಪ್ಯಾರಾ ಉತ್ತರ. ಕೊನೆಗೆ, ಒಂದು ಊರಿನ ಕೆಲವು ಮನೆಗಳಿಂದ ಇಡೀ ಸಿಂಧನೂರು ಭಾಗದ ಮಾತು ಹೇಳಲಾಗದು ಎಂಬ ವಾಕ್ಯ. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅವರು ಬರೆದದ್ದು ಜನ್ಮದಲ್ಲಿ ಅದೇ ಮೊದಲು. ಪ್ರಬಂಧ ಮೊದಲಿನ ಅರ್ಧದಷ್ಟಾಯಿತು, ಒಂದು ಪಿನ್ನಿಗೆ ನಿಂತಿತು.

ಪದ್ಮಾವತಿ ಮೇಡಂ ಓದಿ, ಎರಡು ಕಡೆ ಗೆರೆ ಎಳೆದು, ಪಾಸು ಮಾಡಿದರು. "ಈಗ ಇದು ನಿಮ್ಮ ಪ್ರಬಂಧ" ಎಂದರು. ಬಸ್ಸಿನಲ್ಲಿ ಮಾಸ್ತರರ ಕಣ್ಣು ತುಂಬಿ ಬಂತು. ಖುಷಿಯೋ ಖುಷಿ.

ಖುಷಿಯಲ್ಲಿ ಮನುಷ್ಯ ಒಳ್ಳೆಯವನಾಗಲು ಹೋಗುತ್ತಾನೆ. ಮರುದಿನ ಕ್ಲಾಸಿನಲ್ಲಿ ಮಾಸ್ತರರು ಬೋರ್ಡು ಒರೆಸಿ, ಎಪ್ಪತ್ತೆರಡು ಎಂಬುದು ಸುಳ್ಳು, ಅದನ್ನು ಹುಟ್ಟಿಸಿದವನು ನಾನೇ ಎಂದು ಹೇಳಿದರು. ಆಮೇಲೆ ಆಧಾರ ಎಂದರೇನು, ವಾದ ಎಂದರೇನು, ಪಾಮನಕಲ್ಲೂರಿನಲ್ಲಿ ಏನಾಯಿತು ಎಂದು ಮೈಮರೆತು ವಿವರಿಸಿದರು. ಇಷ್ಟು ಚೆನ್ನಾಗಿ ಅವರು ಯಾವತ್ತೂ ಪಾಠ ಮಾಡಿರಲಿಲ್ಲ. ಮುಂದಿನ ಸಾಲಿನಲ್ಲಿ ಅರ್ಜುಮಂದ್ ಎಂಬ ಹುಡುಗಿ ಕೂತಿದ್ದಳು; ಕ್ಲಾಸಿಗೆಲ್ಲ ಅವಳೇ ಚುರುಕು. ಅವಳು ಎದ್ದು ನಿಂತಾಗ ಮಾಸ್ತರರ ಎದೆ ಉಬ್ಬಿತು.

"ಸರ, ನೀವು ಹೇಳಿದ್ದು ಖರೇ ಐತ್ರಿ. ಆದ್ರ ನಮ್ಮ ಪರೀಕ್ಷಾ ಬರೋ ಶನಿವಾರ ಐತಿ, ಪ್ರಬಂಧಕ್ಕ ಬರೇ ನಲವತ್ತು ನಿಮಿಷ." ಅವಳ ದನಿಯಲ್ಲಿ ಕುಚೋದ್ಯ ಎಳ್ಳಷ್ಟೂ ಇರಲಿಲ್ಲ, ಭಯವಿತ್ತು. "ಎಪ್ಪತ್ತೆರಡು ಬ್ಯಾಡಂದ್ರ ಬ್ಯಾಡ್ರಿ. ಅದರ ಜಾಗಾದಾಗ ಬರ್ಯಾಕ ಬ್ಯಾರೆ ಒಂದು ನಂಬರ್ ಕೊಡ್ರಿ."

ಇಡೀ ಕ್ಲಾಸು ಪೆನ್ನು ತೆಗೆದು ಬರೆದುಕೊಳ್ಳಲು ಕಾದು ಕೂತಿತು.