ಚಾಟನಿ ಲೆಕ್ಕದ ಯಾತ್ರೆ

ಸಪನಾ ಕೊಡದ ಬಾಯಿಗೆ ಎರಡು ಪದರು ಬಟ್ಟೆ ಬಿಗಿದು ಕುಡಿಯುವ ನೀರು ಸೋಸುತ್ತಿದ್ದಳು. ಬಿಂದಿಗೆಯನ್ನು ಸ್ವಲ್ಪ ಸ್ವಲ್ಪವೇ ಬಾಗಿಸಬೇಕು, ಇಲ್ಲದಿದ್ದರೆ ಬಟ್ಟೆಯ ಮಧ್ಯ ಕುಣಿಯಾಗಿ ನೀರು ಅಂಚಿನಿಂದ ಹೊರಗೆ ಹರಿಯುತ್ತದೆ. ಸೋಸಿದ್ದಾದ ಮೇಲೆ ಬಟ್ಟೆಯನ್ನು ಮಗುಚಿ ಜಾಲಿಸಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯದಂತೆ ಆ ನೀರನ್ನು ಬಾವಿಗೇ ಬಿಡಬೇಕು. ಶೇಡಬಾಳದ ಈ ಜೈನರ ಮನೆಗೆ ಕಿರಿಯ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು, ಒಂದು ದಿನವೂ ಈ ಕೆಲಸ ತಪ್ಪಿರಲಿಲ್ಲ. ಇವತ್ತು ಮಾತ್ರ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಪಡಸಾಲೆಯಲ್ಲಿ ಅತ್ತೆಯ ಯಾತ್ರೆಯ ತಿಂಗಳು ನಿಗದಿಯಾಗುತ್ತಿತ್ತು.

ಅತ್ತೆ ಪದ್ಮವ್ವನಿಗೆ ಅರವತ್ತಾರು. ಸಮ್ಮೇದ ಶಿಖರಜಿಯ ಬೆಟ್ಟ ಹತ್ತಿ ಪಾರ್ಶ್ವನಾಥನ ಪಾದ ಮುಟ್ಟಬೇಕೆಂಬುದು ಅವಳು ಮದುವೆಯಾದ ವರ್ಷವೇ ಹೊತ್ತ ಆಸೆ. ಆದರೆ ದ್ರಾಕ್ಷಿ ಇದ್ದ ಮನೆಯಲ್ಲಿ ಆಸೆಗೆ ತಿಂಗಳು ಸಿಗುವುದು ಸುಲಭವಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ಲು. ಕೊಯ್ದದ್ದನ್ನು ಶೆಡ್ಡಿನಲ್ಲಿ ಹರಡಿ ಒಣಗಿಸಿ ಮಣೂಕ ಮಾಡಬೇಕು, ಮನೆಯ ಹೆಂಗಸರೆಲ್ಲ ಅಲ್ಲೇ. ಏಪ್ರಿಲಿನಲ್ಲಿ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ. ಮಳೆಗಾಲಕ್ಕೆ ಚಾತುರ್ಮಾಸ, ಆಗ ಪದ್ಮವ್ವ ಊರ ಗಡಿ ದಾಟುವುದಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಚಾಟನಿ. ಅದಾದ ಮೇಲೆ ಎರಡು ತಿಂಗಳು ಔಷಧ ಹೊಡೆಯುವುದು, ಗೊನೆಯನ್ನು ಔಷಧದಲ್ಲಿ ಅದ್ದುವುದು, ಒತ್ತಾದ ಕಾಳು ಕಿತ್ತು ತೆಗೆಯುವುದು. ಒಂದು ದಿನ ಕಣ್ಣು ಮುಚ್ಚಿದರೆ ಬೂಜು ಬಂದು ತೋಟವನ್ನೇ ತಿಂದುಬಿಡುತ್ತದೆ.

ಮೇ ತಿಂಗಳು ಬಿಡುವೇ. ಆದರೆ ಮೇ ಬೇಡವೆಂದವನು ಜನರನ್ನು ಯಾತ್ರೆಗೆ ಕರೆದೊಯ್ಯುವ ಭರಮುವೇ. ಹೋದ ಬಾರಿ ಕಾಶಿಯಲ್ಲಿ ನಲವತ್ತೈದು ಡಿಗ್ರಿ ಬಿಸಿಲಿಗೆ ಅವನ ಬಸ್ಸಿನ ಇಬ್ಬರು ಮುದುಕರು ಬಿದ್ದಿದ್ದರು. ರಾತ್ರಿಯೂ ತಂಪಾಗಲಿಲ್ಲ, ಧರ್ಮಶಾಲೆಯ ಗೋಡೆ ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು ಎಂದು ಅವನೇ ಹೇಳಿದ.

ಆಗ ಸಪನಾಳ ಭಾವ ಮಹಾವೀರ ಒಂದು ದಾರಿ ಕಂಡುಹಿಡಿದ. ಚಾಟನಿಯನ್ನು ಸೆಪ್ಟೆಂಬರ್ ಮೊದಲ ವಾರಕ್ಕೇ ಹಿಡಿದರೆ ನವೆಂಬರ್ ನಡುವಿಗೆ ಕಾಳು ಕಟ್ಟಿ ನಿಂತಿರುತ್ತವೆ. ಯಾತ್ರೆಯ ಹದಿನೆಂಟು ದಿನ ನೀರು ಬಿಡುವುದಷ್ಟೇ ಕೆಲಸ, ಆಳು ನೋಡಿಕೊಳ್ಳುತ್ತಾನೆ. ದೀಪಾವಳಿ ಮುಗಿಸಿ ಮಿರಜದಲ್ಲಿ ರೈಲು ಹತ್ತುವುದು. ದಿಲ್ಲಿ, ಹಸ್ತಿನಾಪುರ, ಅಯೋಧ್ಯೆ, ಕಾಶಿ, ಕಡೆಗೆ ಶಿಖರಜಿ. ಭರಮು ತೊಡೆ ತಟ್ಟಿ, ನವೆಂಬರ್ ಅಂದರೆ ಹೂವಿನಂಥ ಹವಾ ಎಂದ.

ಸಪನಾಳ ಕೈಯಲ್ಲಿ ಬಿಂದಿಗೆ ನಿಂತಿತು.

ಅವಳು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಹವಾಮಾನ ಓದಿ ಹೇಳುವುದು ಅವಳದೇ ಕೆಲಸ. ತೇವ ಎಷ್ಟು, ಗಾಳಿ ಎಷ್ಟು, ಮಳೆ ಎಷ್ಟು ಹೊತ್ತಿಗೆ. ಅವಳು ಓದಿದ ಮೇಲೆ ಗಂಡ ವಿಶ್ವಾಸ ಔಷಧದ ಟ್ಯಾಂಕು ತುಂಬುತ್ತಿದ್ದ. ಅದೇ ಪರದೆಯ ಕೆಳಗೆ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಒಂದು ಅಂಕಿ ಇತ್ತು. ಹೋದ ವರ್ಷ ಓಣಿಯ ದುಂಡವ್ವ ನವೆಂಬರ್ ಯಾತ್ರೆಯಿಂದ ಕೆಮ್ಮುತ್ತ ಬಂದದ್ದನ್ನು ನೋಡಿ, ಸಪನಾ ಸುಮ್ಮನೆ ದಿಲ್ಲಿ ಎಂದು ಹಾಕಿ ನೋಡಿದ್ದಳು. ಶೇಡಬಾಳದಲ್ಲಿ ಎಪ್ಪತ್ತು ಇದ್ದ ಅಂಕಿ ಅಲ್ಲಿ ನಾನೂರಾ ಹನ್ನೆರಡು ಇತ್ತು. ಆಮೇಲೆ ಅದೊಂದು ಚಟವಾಯಿತು. ತಿಂಗಳಿಗೆರಡು ಸಲ ನೋಡಿ ಗೋಡೆಯ ದಿನದರ್ಶಿಕೆಯ ಹಿಂದೆ ಬರೆದಿಟ್ಟಳು. ಡಿಸೆಂಬರ್, ಜನವರಿಯಲ್ಲೂ ಮುನ್ನೂರರ ಮೇಲೆ. ಫೆಬ್ರುವರಿ ಕಡೆಗೆ ಗಾಳಿ ಬೀಸತೊಡಗಿದ ಮೇಲೆ ಅರ್ಧಕ್ಕೆ ಇಳಿಯಿತು. ಏಪ್ರಿಲ್ ಕಳೆಯುವಷ್ಟರಲ್ಲಿ ಬಿಸಿಲು ಅದರ ಜಾಗಕ್ಕೆ ಬಂತು. ಶಿಖರಜಿಯ ಕಡೆ ದಿಲ್ಲಿಯಷ್ಟು ಯಾವತ್ತೂ ಕೆಟ್ಟಿರಲಿಲ್ಲ. ಫೆಬ್ರುವರಿ ಕಡೆಯ ವಾರ, ಮಾರ್ಚ್ ಮೊದಲ ವಾರ, ದಿಲ್ಲಿಯನ್ನು ಬಿಟ್ಟು ನೇರ ಬೆಟ್ಟಕ್ಕೆ: ಅವಳ ಬರಹದ ಪ್ರಕಾರ ಅತ್ತೆಯ ಎದೆಗೆ ಇದ್ದದ್ದು ಅದೊಂದೇ ದಾರಿ.

ಅತ್ತೆಯ ಎದೆ ಮೊದಲೇ ಸೋತಿತ್ತು. ಮಣೂಕಕ್ಕೆ ಹಳದಿ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕ ಸುಡುತ್ತಾರೆ. ಇಪ್ಪತ್ತು ವರ್ಷ ಆ ಹೊಗೆಯಲ್ಲಿ ದ್ರಾಕ್ಷಿಯ ತಟ್ಟೆ ಇಟ್ಟವಳೂ ತೆಗೆದವಳೂ ಅವಳೇ. ಈಗ ಎರಡು ಹೊತ್ತು ಉಬ್ಬಸದ ಪಂಪು ಸೇದಿದರೆ ಉಸಿರು.

ಆದರೆ ಪಡಸಾಲೆಗೆ ಹೋಗಿ ಹೇಳುವುದು ಹೇಗೆ? ಕಿರಿಯ ಸೊಸೆ ಭಾವನ ಎದುರು ಬಾಯಿ ಬಿಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಹೇಳಬೇಕಾದದ್ದನ್ನು ಗಂಡನಿಗೆ ಹೇಳಬೇಕು, ಗಂಡ ಅಣ್ಣನಿಗೆ ಹೇಳಬೇಕು. ನಾಲ್ಕು ವರ್ಷದಲ್ಲಿ ಅವಳು ಮಹಾವೀರನೊಡನೆ ಆಡಿದ ಮಾತು ಒಂದೂ ಇಲ್ಲ.

ಆ ಸಂಜೆ ದಿನದರ್ಶಿಕೆಯನ್ನೇ ಬಿಚ್ಚಿ ತಂದು ವಿಶ್ವಾಸನ ಮುಂದಿಟ್ಟಳು. ಅವನು ತಿರುವಿ ನೋಡಿ ನಕ್ಕ. ಬಸ್ಸಿನ ಕಿಟಕಿ ಹಾಕಿಕೊಂಡು ಕುಂತರೆ ಆಯಿತು, ಕಬ್ಬು ಕಡಿದು ಉಳಿದ ರವದಿ ಸುಟ್ಟಾಗ ನಾವು ಸಾಯುತ್ತೇವೇನು ಎಂದ. ರವದಿಯ ಹೊಗೆ ಬೆಳಿಗ್ಗೆ ನೆಲಕ್ಕೆ ಮಲಗಿರುತ್ತದೆ, ಬಿಸಿಲೇರಿದ ಮೇಲೆ ಎದ್ದು ಹೋಗುತ್ತದೆ. ದಿಲ್ಲಿಯಲ್ಲಿ ಚಳಿಗೆ ಗಾಳಿಯೇ ಆಡುವುದಿಲ್ಲವಂತೆ, ಹೊಗೆ ವಾರಗಟ್ಟಲೆ ಏಳುವುದಿಲ್ಲ ಎಂದು ಅವಳು ವಿವರಿಸಿದಳು. "ಅಣ್ಣಗ ಹೇಳ್ತೀನಿ ಬಿಡು," ಎಂದ. ಹೇಳಲಿಲ್ಲ. ವಾರ ಬಿಟ್ಟು ಕೇಳಿದರೆ, ಚಾಟನಿಯನ್ನು ಮುಂಚಿತ ಮಾಡಿದ್ದೇ ಯಾತ್ರೆಗಾಗಿ, ಈಗ ಬಾಯಿ ತೆಗೆದರೆ ಅಣ್ಣ ಹುಚ್ಚ ಅಂತಾನೆ ಎಂದ.

ಅವಳು ಅತ್ತೆಗೇ ಹೇಳಿದಳು. ಪದ್ಮವ್ವ ಪಂಪು ಕೆಳಗಿಟ್ಟು ಸೊಸೆಯ ಗಲ್ಲ ಹಿಡಿದಳು.

"ಗಂಧಕದ ಹೊಗಿ ಕುಡದ ಅರಗಿಸಿಕೊಂಡಾಕಿ ನಾ. ದಿಲ್ಲಿ ಹೊಗಿ ನನಗ ಯಾವ ಲೆಕ್ಕ?" ಎಂದು ನಕ್ಕಳು. ನಗು ಕೆಮ್ಮಾಯಿತು. ಅದು ನಿಂತ ಮೇಲೆ ದನಿ ಇಳಿಸಿದಳು. "ನಲವತ್ತ ವರ್ಷಕ್ಕ ಒಮ್ಮೆ ಹೂಂ ಅಂದಾರವ್ವಾ. ಈ ತಿಂಗಳ ಬ್ಯಾಡ, ಆ ತಿಂಗಳ ಬೇಕ ಅಂದ್ರ ಮತ್ತ ಯಾರ ಕೇಳ್ತಾರ?"

ಸಪನಾ ದಿನದರ್ಶಿಕೆಯನ್ನು ಮೊದಲಿನಂತೆ ಗೋಡೆಗೆ ಹಾಕಿದಳು. ಯಾರಿಗೂ ಹೇಳದೆ ಔಷಧದಂಗಡಿಯಿಂದ ಬಿಗಿಯಾದ ಬಿಳಿ ಮಾಸ್ಕುಗಳನ್ನು ತರಿಸಿ ಚೀಲದ ತಳಕ್ಕಿಟ್ಟಳು.

ಪದ್ಮವ್ವ, ಅವಳ ಮಕ್ಕಳಿಬ್ಬರು, ಸಪನಾ ಹತ್ತಿದ ರೈಲು ದಿಲ್ಲಿ ಸೇರಿದ್ದು ಮಧ್ಯಾಹ್ನ. ಹೊತ್ತು ನೆತ್ತಿಯ ಮೇಲಿದ್ದರೂ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದಿತ್ತು. ಗಂಟಲಲ್ಲಿ ಸುಟ್ಟ ಕಸದ ರುಚಿ. ಭರಮು ಇದು ಚಳಿಗಾಲದ ಮಂಜು ಎಂದು ಎಲ್ಲರಿಗೂ ಸಾರಿದ, ಸಾರುತ್ತಲೇ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ. ಮೊಬೈಲಿನಲ್ಲಿ ನಾನೂರಾ ಮೂವತ್ತು. ಸಪನಾ ಅದನ್ನು ಗಂಡನಿಗೆ ತೋರಿಸಿದಳು. ಅವನು ನೋಡಿ ಮೊಬೈಲನ್ನು ತನ್ನ ಕಿಸೆಗೆ ಹಾಕಿಕೊಂಡ.

ಮರುದಿನ ಹಸ್ತಿನಾಪುರ. ಅಭಿಷೇಕ ತಪ್ಪಬಾರದೆಂದು ಬಸ್ಸು ಬೆಳಗಿನ ಐದಕ್ಕೆ ಹೊರಡುವುದಿತ್ತು. ಗಾಳಿ ತೀರ ಕೆಟ್ಟಿರುವ ಹೊತ್ತೇ ಅದು. ಮಧ್ಯಾಹ್ನ ಹೋದರೆ ಸ್ವಲ್ಪವಾದರೂ ತಿಳಿಯಾಗುತ್ತದೆ ಎಂದು ಸಪನಾ ವಿಶ್ವಾಸನ ತೋಳು ಹಿಡಿದು ಹೇಳಿದಳು. ಈ ಸಲ ಅವನು ನಿಜವಾಗಿಯೂ ಅಣ್ಣನ ಹತ್ತಿರ ಹೋದ. ಮಧ್ಯಾಹ್ನ ಅಭಿಷೇಕ ಯಾರು ಮಾಡುತ್ತಾರೆ ಎಂದು ಕೇಳಿಸಿಕೊಂಡು ತಿರುಗಿ ಬಂದ. ಬಸ್ಸಿನಲ್ಲಿ ಪದ್ಮವ್ವ ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು ಣಮೋಕಾರ ಹೇಳುತ್ತಿದ್ದಳು. ಬಾಯಿ ಮುಚ್ಚಿಕೊಂಡು ಮಂತ್ರ ಹೇಳಲು ಅವಳಿಗೆ ಮನಸ್ಸೊಪ್ಪಲಿಲ್ಲ.

ಬಸದಿಯ ಮೆಟ್ಟಿಲ ಮೇಲೆ ಅವಳು ಕುಳಿತುಬಿಟ್ಟಳು. ಪಂಪು ಒಂದು ಸಲ, ಎರಡು ಸಲ, ಐದು ಸಲ. ತುಟಿ ನೇರಳೆಯಾಯಿತು. ಸೊಸೆಯ ಮಣಿಕಟ್ಟನ್ನು ಹಿಡಿದ ಬೆರಳುಗಳು ಬಳೆ ಒಡೆಯುವಷ್ಟು ಬಿಗಿಯಾದವು.

ಮೇರಠದ ಆಸ್ಪತ್ರೆಯಲ್ಲಿ ಐದು ದಿನ ಮೂಗಿಗೆ ಆಮ್ಲಜನಕದ ನಳಿಕೆ. ವರಾಂಡದಲ್ಲಿ ಇನ್ನೂ ಹಲವರು ಹಾಗೇ ಕುಳಿತಿದ್ದರು. ದೀಪಾವಳಿ ಆದ ಮೇಲೆ ಪ್ರತಿ ವರ್ಷ ಹೀಗೇ ಎಂದಳು ದಾದಿ, ಮಳೆ ಬಂತು ಎನ್ನುವಷ್ಟು ಸಹಜವಾಗಿ. ಮುಂದೆ ಪ್ರಯಾಣ ಬೇಡ, ಬೆಟ್ಟದ ಮಾತೇ ಬೇಡ, ಈ ಹೊಗೆಯಿಂದ ಮೊದಲು ಹೊರಗೆ ಒಯ್ಯಿರಿ ಎಂದರು ಡಾಕ್ಟರು. ಬಸ್ಸು ಕಾಯುವಂತಿರಲಿಲ್ಲ. ಅವ್ವನ ಹೆಸರಿನಲ್ಲಿ ತಾನು ಬೆಟ್ಟ ಹತ್ತಿ ಬರುತ್ತೇನೆಂದು ಮಹಾವೀರ ಮುಂದೆ ಹೋದ. ಪದ್ಮವ್ವ ಕಣ್ಣು ತೆರೆದು ಮೊದಲು ಕೇಳಿದ್ದು, ಶಿಖರಜಿ ಬಂತೇನು ಎಂದು.

ವಿಶ್ವಾಸ, ಸಪನಾ ಅವಳನ್ನು ಊರಿಗೆ ಕರೆತಂದರು. ಮಹಾವೀರ ಬಂದ ಮೇಲೆ ಬೆಟ್ಟದ ತುದಿಯಲ್ಲಿ ನಿಂತ ತನ್ನ ಫೋಟೋವನ್ನು ಅವ್ವನ ಹಾಸಿಗೆಯ ಎದುರು ಹಾಕಿಸಿದ. ಅವಳು ಅದಕ್ಕೆ ಬೆನ್ನು ಮಾಡಿ ಮಲಗುತ್ತಿದ್ದಳು. ಗಮನಿಸಿದವಳು ಸಪನಾ ಒಬ್ಬಳೇ. ಓಣಿಯ ಜನ ನೋಡಲು ಬಂದಾಗ ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: ಯೋಗ ಇರಲಿಲ್ಲ.

ಜನವರಿಯಲ್ಲಿ ಮಿರಜದ ಡಾಕ್ಟರು ಪದ್ಮವ್ವನ ಎದೆಯ ಎಕ್ಸ್‌ರೇ ದೀಪಕ್ಕೆ ಹಿಡಿದು ನೋಡಿದರು. ಸಪನಾ ದಿನದರ್ಶಿಕೆಯ ಹಾಳೆಗಳನ್ನು ಸೆರಗಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು, ಇದನ್ನು ಯಾರು ಬರೆದದ್ದು ಎಂದು ಕೇಳಿದರು. ಆಮೇಲೆ ವಿಶ್ವಾಸನಿಗೆ ಹೇಳಿದರು: ಮುಂದಿನ ವರ್ಷದ ಮಾತು ನನ್ನನ್ನು ಕೇಳಬೇಡಿ. ಈ ಫೆಬ್ರುವರಿ ಕಡೆಗೆ, ಗಾಳಿ ತಿಳಿಯಾಗಿ ಬಿಸಿಲು ಏರುವುದಕ್ಕೆ ಮುಂಚೆ, ದಿಲ್ಲಿಯ ಕಡೆ ಹೋಗದೆ, ಹೊತ್ತೊಯ್ಯುವ ಡೋಲಿಯಲ್ಲಿ ಆದರೆ ಬೆಟ್ಟ ಆದೀತು. ಆಮ್ಲಜನಕದ ಸಣ್ಣ ಯಂತ್ರ ಜೊತೆಗಿರಲಿ. ವಿಶ್ವಾಸ ತಲೆಯಾಡಿಸಿದ. ದಾರಿಯುದ್ದಕ್ಕೂ ಕೊಯ್ಲಿನ ಆಳುಗಳ ಬಗ್ಗೆ ಫೋನಿನಲ್ಲಿ ಮಾತಾಡಿದ.

ಮೂರನೆಯ ದಿನ ಭರಮು ಬಂದ, ಬರುವ ನವೆಂಬರಿನ ಯಾತ್ರೆಯ ಪಟ್ಟಿ ಹಿಡಿದು. ಈ ಸಲ ಅವ್ವಗೆ ಮುಂದಿನ ಸೀಟು, ಕಿಟಕಿ ಬಿಗಿಯಾಗಿ ಮುಚ್ಚುವ ಬಸ್ಸು ಎಂದ. ಮಹಾವೀರ ಬೆರಳು ಮಡಚಿ ಎಣಿಸತೊಡಗಿದ. ಚಾಟನಿಯನ್ನು ಆಗಸ್ಟಿನ ಕಡೆಗೇ ಹಿಡಿದರೆ ಹೇಗೆ ಎಂದ. ಫೆಬ್ರುವರಿಯ ಮಾತನ್ನು ವಿಶ್ವಾಸ ಎತ್ತುತ್ತಾನೆಂದು ಸಪನಾ ಬಾಗಿಲ ಹಿಂದೆ ಕಾದಳು. ಅವನು ಕೊಯ್ಲಿಗೆ ಇನ್ನೂ ಎಂಟು ಹೆಣ್ಣಾಳು ಕಡಿಮೆ ಬೀಳುತ್ತಾರೆ ಎಂದ. ಮನೆಯ ಹೆಂಗಸರು ಇದ್ದಾರಲ್ಲ ಎಂದ ಮಹಾವೀರ. ಒಳಗೆ ಪದ್ಮವ್ವನ ಹಾಸಿಗೆಯ ಪಕ್ಕದ ಆಮ್ಲಜನಕದ ಯಂತ್ರ ಗುರ್ ಎನ್ನುತ್ತಿತ್ತು.

ಸಪನಾ ಹೊರಗೆ ಬಂದಳು. ತಲೆಯ ಸೆರಗು ಜಾರಿತ್ತು, ಸರಿ ಮಾಡಿಕೊಳ್ಳಲಿಲ್ಲ. ಭಾವನ ಎದುರು ನಿಂತಳು. ವಿಶ್ವಾಸ ಒಳಗೆ ಹೋಗೆಂದು ಕಣ್ಣಿನಿಂದಲೇ ಹೇಳಿದ. ಭರಮು ಪಟ್ಟಿಯನ್ನು ಮಡಚಿದ. ಮಹಾವೀರ ಅವಳನ್ನು ನೋಡದೆ ಗೋಡೆಯ ದಿನದರ್ಶಿಕೆಯನ್ನು ನೋಡಿದ.

"ಭಾವ, ಫೆಬ್ರುವರಿ ಕಡೀ ವಾರಕ್ಕ ನನಗ ಮತ್ತ ಅತ್ತಿಗ ಎರಡ ಟಿಕೀಟ ತಗಿಸಿ ಕೊಡ್ರಿ."