ಸೂಗಮ್ಮನ ದುಭಾಷಿ

ಬಸವಕಲ್ಯಾಣದ ತಹಸೀಲ ಕಚೇರಿಯ ಎದುರಿಗೆ ಮೀನಾಜಳ ಟೈಪಿಂಗ್ ಅಂಗಡಿ. ಪಿಂಚಣಿಯಿರಲಿ, ಪಹಣಿ ತಿದ್ದುಪಡಿಯಿರಲಿ, ಹತ್ತು ನಿಮಿಷದಲ್ಲಿ ಅರ್ಜಿ ಕೈಗಿಡುತ್ತಿದ್ದಳು. ಅವಳದು ಒಂದೇ ನಿಯಮ: ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಗುಮಾಸ್ತನಿಗೆ ಅರ್ಜಿ ವಾಪಸ್ ಕಳಿಸಲು ನೆಪ ಸಿಕ್ಕಂತೆ. ಹದಿನೈದು ವರ್ಷ ಅನ್ನ ಹಾಕಿದ ಈ ನಿಯಮವೇ ಒಂದು ದಿನ ಅವಳ ಕಾಲಿಗೆ ತೊಡರಿಕೊಂಡಿತು.

ಆವತ್ತು ಹನ್ನೊಂದರ ಹೊತ್ತಿಗೆ ಮೆಲ್ಬರ್ನ್‌ನಿಂದ ಫೋನ್ ಬಂತು. ಸೂಗಮ್ಮ. ಮೀನಾಜಳ ಮನೆಯ ಹಿಂದಿನ ಓಣಿಯವಳು, ತವರು ಹುಮನಾಬಾದ. ಗಂಡ ತೀರಿಕೊಂಡ ಮೇಲೆ, ಅಲ್ಲಿ ನರ್ಸ್ ಆಗಿರುವ ಮಗಳು ಪೂನಂ ಕರೆಸಿಕೊಂಡಿದ್ದಳು. ಆ ವೀಸಾದ ಕಾಗದಗಳನ್ನೆಲ್ಲ ಟೈಪು ಮಾಡಿದವಳು, ಸೂಗಮ್ಮನಿಗೆಂದು ಇಮೇಲ್ ತೆರೆದುಕೊಟ್ಟವಳು ಮೀನಾಜಳೇ.

"ಮೀನಾಜ್, ಪೂನಂ ಡ್ಯೂಟಿಗಿ ಹೋಗ್ಯಾಳ, ಲಗೂ ಹೇಳ್ತೀನಿ. ಪಿತ್ತಕೋಶದಾಗ ಕಲ್ಲ ಆಗ್ಯಾವ, ಆಪರೇಶನ್ ಅದ. ಅದಕ್ಕಿಂತ ಮೊದಲ ಬೇಹೋಶಿ ಡಾಕ್ಟರ್, ಎಚ್ಚರ ತಪ್ಪಿಸೋರು, ನೋಡ್ತಾರಂತ. ದವಾಖಾನಿಗಿ ಒಂದ ಕಾಗದ ಬರಿ. ನಮ್ಮ ಮಾತು ಬರೋ ದುಭಾಷಿ ಕೊಡ್ರಿ ಅಂತ. ಅಲ್ಲಿ ಪುಕ್ಕಟ ಕೊಡ್ತಾರ."

"ಪೂನಂ ಅಕ್ಕ ಇದ್ದಾರಲ್ರಿ ಕಾಕು, ಖುದ್ದು ನರ್ಸು!"

"ಅದಕ್ಕೇ ಬ್ಯಾಡ. ಆಕಿಗಿ ಹೇಳಬ್ಯಾಡ ಮತ್ತ."

ಮೀನಾಜಳಿಗೆ ಕುತೂಹಲ ತಡೆಯಲಾಗಲಿಲ್ಲ, ಆದರೂ ಕೇಳಲಿಲ್ಲ. ಗಿರಾಕಿ ಹೇಳಿದ್ದನ್ನು ಬರೆಯುವುದು ಕಸುಬು, ಹೇಳದ್ದನ್ನು ಕೆದಕುವುದು ಚಟ. ಸೂಗಮ್ಮ ಕಳಿಸಿದ ಆಸ್ಪತ್ರೆಯ ಪತ್ರದ ಫೋಟೋ ನೋಡಿ ಹೆಸರು, ಜನ್ಮದಿನಾಂಕ, ರೋಗಿಯ ನಂಬರು, ಭೇಟಿಯ ದಿನ, ವೇಳೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೊಡೆದಳು. "ತಮ್ಮಲ್ಲಿ ಸವಿನಯ ಪ್ರಾರ್ಥನೆ" ಎಂಬುದನ್ನೂ ಬಿಡಲಿಲ್ಲ. ಕೊನೆಗೆ ಬಲ್ಲ ಭಾಷೆಗಳು ಎಂಬ ಸಾಲನ್ನು ತಾನೇ ಹಾಕಿ, ಧಾರಾಳವಾಗಿ ತುಂಬಿದಳು: ಕನ್ನಡ, ಹಿಂದಿ, ಮರಾಠಿ. ಕಾಕುವಿನ ತೂಕ ಹೆಚ್ಚಲಿ ಎಂದು.

ಮೂರನೇ ದಿನ ಉತ್ತರ ಬಂತು. ಹಿಂದಿ ದುಭಾಷಿಯನ್ನು ಗೊತ್ತುಮಾಡಲಾಗಿದೆ.

ಸೂಗಮ್ಮ ಫೋನಿನಲ್ಲಿ ಬಿಕ್ಕಿದಂತಾಯಿತು. "ಹಿಂದಿ ಯಾಕ ಬರದಿ?"

"ಬರ್ತದಲ್ರಿ ನಿಮಗ! ಸಂತ್ಯಾಗ ಬಾಗವಾನರ ಜೋಡಿ ಜಗಳ ಆಡಿದ್ದು ನಾ ಕೇಳೀನಿ."

"ಬದನಿಕಾಯಿ ಜಗಳಕ್ಕ ಸಾಕಾಗ್ತದ ಆ ಹಿಂದಿ. ನನ್ನ ಬಸವಕಿರಣನ ಮಾತು ಅದ್ರಾಗ ಹ್ಯಾಂಗ ಹೇಳ್ಲಿ?"

ಬಸವಕಿರಣ ಪೂನಂಳ ಅಣ್ಣ. ಪೂನಂ ಹುಟ್ಟುವ ಮೊದಲೇ, ಎಂಟು ವರ್ಷದವನಿದ್ದಾಗ ಜ್ವರದಿಂದ ಹೋದನೆಂದು ಓಣಿಗೆಲ್ಲ ಗೊತ್ತು. ಗೋಡೆಯ ಮೇಲೆ ಅವನ ಫೋಟೋ ನೋಡುತ್ತಲೇ ಮೀನಾಜಳೂ ಬೆಳೆದಿದ್ದಳು.

"ಜ್ವರ ಅಲ್ಲ. ಅಂದ್ರ, ಜ್ವರಾನೇ, ಖರೇ ಮನ್ಯಾಗ ಬಂದಿದ್ದಲ್ಲ," ಎಂದಳು ಸೂಗಮ್ಮ. "ಹುಮನಾಬಾದದಾಗ ಗಂಟಲ ಗಡ್ಡಿ ಆಪರೇಶನ್ ಮಾಡಿಸಿದ್ವಿ. ಬೇಹೋಶಿ ಕೊಟ್ಟ ಮ್ಯಾಲ ಮೈ ಕೆಂಡ ಆಯ್ತು, ದವಡಿ ಬಿಗೀತು, ಕೈಕಾಲು ಕಟ್ಟಿಗಿ ಆದ್ವು. ಡಾಕ್ಟರ್ ಪಾಪ, ಕೈಲಾದಷ್ಟು ಮಾಡಿದ್ರು. ಬ್ಯಾಡ ಬ್ಯಾಡ ಅಂತ ಅತ್ತಿ ಬಡ್ಕೊಂಡಿದ್ಲು. ಮಾಡಿಸಲೇಬೇಕು ಅಂದಾಕಿ ನಾನು. ಆಮ್ಯಾಲ ಹುಟ್ಟಿದ ಮಗಳಿಗಿ ಹ್ಯಾಂಗ ಹೇಳ್ಲಿ, ನಿನ್ನ ಅಣ್ಣನ್ನ ನಾನೇ ಒಯ್ದು ಮಲಗಿಸಿದೆ ಅಂತ?"

ಮೀನಾಜ್ ಕೀಬೋರ್ಡಿನಿಂದ ಕೈ ತೆಗೆದಳು.

"ಹೋದ ವಾರ ಡಾಕ್ಟರ್ ಏನೋ ಕೇಳಿದ್ರು. ಪೂನಂ ನನ್ನ ಕೇಳದೇನೇ ಇಲ್ಲ ಅಂದ್ಲು. ಹೊರಗ ಬಂದ ಮ್ಯಾಲ ಹೇಳಿದ್ಲು, ನಿಮ್ಮ ಮನ್ಯಾಗ ಯಾರಿಗಾದ್ರೂ ಬೇಹೋಶಿಯಿಂದ ತ್ರಾಸ ಆಗಿತ್ತೇನು ಅಂತ ಕೇಳಿದ್ರಂತ. ನನ್ನ ಮೈಯಾಗೂ ಅದೇ ಇದ್ದರ? ನಂಗ ಸಾಯೋ ಆಸಿ ಇಲ್ಲ ಮೀನಾಜ್. ಮೊಮ್ಮಗಳು ಇನ್ನಾ ತೊದಲಾಕತ್ತಾಳ."

ಮೀನಾಜಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಗುಮಾಸ್ತನನ್ನು ಮೆಚ್ಚಿಸುವ ಚಪಲಕ್ಕೆ ಒಂದು ಜೀವವನ್ನೇ ಪಣಕ್ಕಿಟ್ಟಂತಾಗಿತ್ತಲ್ಲ! ಸಾಲಿನಲ್ಲಿದ್ದ ಇಬ್ಬರಿಗೆ ಚಹಾ ಕುಡಿದು ಬರಲು ಹೇಳಿ ಹೊಸ ಕಾಗದ ಶುರುಮಾಡಿದಳು. ಈ ಸಲ ಪ್ರಾರ್ಥನೆಯೂ ಇಲ್ಲ, ಸವಿನಯವೂ ಇಲ್ಲ.

"ನನ್ನ ಹಿಂದಿನ ಪತ್ರದಲ್ಲಿ ತಪ್ಪಾಗಿದೆ. ನನಗೆ ಕನ್ನಡ ದುಭಾಷಿಯೇ ಬೇಕು. ಹಿಂದಿ ಸಾಲದು. ಹೆಂಗಸಾದರೆ ಒಳ್ಳೆಯದು. ಮಗಳು ಹೊರಗೆ ಕೂರುತ್ತಾಳೆ, ಅವಳಿಂದ ಅನುವಾದ ಮಾಡಿಸಬೇಡಿ. ನಮ್ಮ ಮನೆಯಲ್ಲಿ ಅರಿವಳಿಕೆ ಕೊಟ್ಟಾಗ ಒಂದು ಸಾವು ಆಗಿದೆ, ವಿವರವನ್ನು ಬಾಯಲ್ಲಿ ಹೇಳುತ್ತೇನೆ. ದಯವಿಟ್ಟು ಹೆಚ್ಚು ಸಮಯ ಕೊಡಿ. ಉತ್ತರವನ್ನು ಈ ಇಮೇಲ್‌ಗೇ ಕಳಿಸಿ."

ಓದಿ ಹೇಳಿದಳು. ಸೂಗಮ್ಮ ಹೂಂ ಅಂದ ಮೇಲೆ ಕಳಿಸಿದಳು.

ಮಾರನೇ ದಿನವೇ ಉತ್ತರ ಬಂತು. ಆ ಊರಿನಲ್ಲಿ ಆ ದಿನಕ್ಕೆ ಕನ್ನಡದವರು ಸಿಗಲಿಲ್ಲ, ಸಿಡ್ನಿಯಿಂದ ಒಬ್ಬ ಮಹಿಳೆ ವಿಡಿಯೋದಲ್ಲಿ ಬರುತ್ತಾರೆ, ಭೇಟಿಯ ಅವಧಿಯನ್ನು ಹೆಚ್ಚಿಸಲಾಗಿದೆ, ಪತ್ರದ ವಿಷಯವನ್ನು ಅರಿವಳಿಕೆ ವೈದ್ಯರಿಗೆ ತಿಳಿಸಲಾಗಿದೆ. ಮೀನಾಜ್ ಅದನ್ನು ಎರಡು ಸಲ ಓದಿದಳು. ಒಂದು ಕಚೇರಿ ಇಷ್ಟು ಬೇಗ, ಇಷ್ಟು ನೆಟ್ಟಗೆ ಮಾತಾಡಬಲ್ಲದು ಎಂಬುದು ಅವಳಿಗೆ ಹೊಸ ಸುದ್ದಿ.

ಭೇಟಿಯ ದಿನ ಅವಳಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಯಾರದೋ ಅರ್ಜಿಯಲ್ಲಿ ಊರಿನ ಹೆಸರು ಮಂಠಾಳ ಇದ್ದದ್ದು ಹುಲಸೂರ ಆಗಿ ಬೈಸಿಕೊಂಡಳು. ಕೊನೆಗೂ ಫೋನ್ ಬಂತು.

"ಆಯ್ತವ್ವಾ," ಎಂದಳು ಸೂಗಮ್ಮ. ದನಿ ಹಗುರಾಗಿತ್ತು. "ಪೂನಂ ಅಡಗಿಮನ್ಯಾಗ ಅದಾಳ, ಮೆಲ್ಲಕ ಹೇಳ್ತೀನಿ. ವಿಡಿಯೋದಾಗ ಬಂದ ಆ ಹೆಣ್ಮಗಳದು ಮೈಸೂರ ಕಡಿ ಮಾತು. ನಾ ಅಂದಿದ್ದು ತಿಳೀಲಿಲ್ಲ ಅಂದ್ರ ಸೀದಾ ತಿರುಗಿ ಕೇಳಿದ್ಲು, ತನ್ನ ಮನಸಿಗಿ ಬಂದಂಗ ಏನೂ ಹೇಳ್ಲಿಲ್ಲ. ನಾ ಅಳೋದು ಮುಗಿಯೋತನ ತಡದ್ಲು. ಇಲ್ಲಿ ಕೇಳಿದ್ದು ಎಲ್ಲೂ ಹೇಳಾಂಗಿಲ್ಲ ಅಂತ ಮೊದಲ ಹೇಳಿದ್ಲು."

"ಡಾಕ್ಟರ್ ಏನಂದ್ರು?"

"ಒಂದೊಂದು ಮನೆತನದ ಮೈಗಿ ಕೆಲವು ಬೇಹೋಶಿ ಔಷಧ ಆಗಿಬರಾಂಗಿಲ್ಲಂತ. ನಮ್ದೂ ಹಂಗೇ ಇರಬಹುದು, ಆಮ್ಯಾಲ ಟೆಸ್ಟ್ ಮಾಡ್ತಾರಂತ. ಈಗ ಮಾತ್ರ ಅದೇ ಅದ ಅಂತ ತಿಳ್ಕೊಂಡು ಬ್ಯಾರೆ ಔಷಧ ಕೊಡ್ತಾರ, ಮಶೀನೂ ಅದಕ್ಕ ತಯಾರ್ ಮಾಡ್ತಾರ, ಏನರೆ ಆದ್ರ ಅದನ್ನ ಇಳಿಸೋ ಉತಾರದ ಔಷಧನೂ ಬಾಜೂಕ ಇಡ್ತಾರ. ಅವತ್ತ ಯಾರಿಗೂ ಗೊತ್ತಾಗೋದಿರಲಿಲ್ಲ, ನಿಮ್ದೇನೂ ತಪ್ಪಿಲ್ಲ ಅಂದ್ರು. ಮೂವತ್ತಾರ ವರ್ಷ ಕಾದಿದ್ದೆ, ಈ ಮಾತ ಯಾರರೆ ಅಂತಾರೇನೋ ಅಂತ."

ಮೀನಾಜ್ ಓಢಣಿಯಿಂದ ಕಣ್ಣೊರೆಸಿಕೊಂಡಳು.

"ಖರೇ ಇನ್ನೊಂದು ಅಂದ್ರು. ಇದು ರಕ್ತದಾಗ ಬರ್ತದಂತ. ಪೂನಂಗ ಇರಬಹುದು, ಆ ಕೂಸಿಗೂ ಇರಬಹುದು. ಆಕಿಗಿ ಹೇಳಲೇಬೇಕು. ಬೇಕಾದ್ರ ನಾನೇ ಹೇಳ್ತೀನಿ ಅಂದ್ರು ಡಾಕ್ಟರ್. ನಾ ಬ್ಯಾಡಂದೆ." ಸೂಗಮ್ಮ ಉಸಿರು ತೆಗೆದುಕೊಂಡಳು. "ಮೀನಾಜ್, ಇನ್ನೊಂದ ಕಾಗದ ಬರಿ. ಪೂನಂಗ. ನೀ ಛಂದ ಬರೀತಿ."

ಮೀನಾಜಳ ಕೈ ಅಭ್ಯಾಸದಂತೆ ಕೀಬೋರ್ಡಿನ ಮೇಲೆ ಹೋಯಿತು. ತೆರೆಯ ಮೇಲೆ ಖಾಲಿ ಹಾಳೆ ಬೆಳ್ಳಗೆ ಕಾಣಿಸಿತು. ಬದುಕಿನಲ್ಲಿ ಮೊದಲ ಸಲ ಅದನ್ನು ಖಾಲಿಯೇ ಬಿಡಬೇಕೆನಿಸಿತು.

"ಇದೊಂದು ನಾ ಬರಿಯಾಂಗಿಲ್ರಿ ಕಾಕು. ಪೂನಂ ಅಕ್ಕಗ ಕನ್ನಡ ಬರ್ತದ."

ಆ ಕಡೆ ಮೊಮ್ಮಗಳ ಗೆಜ್ಜೆ ಕೇಳಿಸಿತು, ಅಡುಗೆಮನೆಯಲ್ಲಿ ನಲ್ಲಿಯ ಸದ್ದು. ಆಮೇಲೆ ಫೋನಿನಿಂದ ತುಸು ದೂರಕ್ಕೆ ಸೂಗಮ್ಮನ ದನಿ.

"ಪೂನಂ, ಅದನ್ನ ಅಲ್ಲೇ ಬಿಟ್ಟು ಇಲ್ಲಿ ಬಾ. ನಿನ್ನ ಅಣ್ಣನ ಮಾತು ಹೇಳೋದದ."

ನಲ್ಲಿ ನಿಂತಿತು. ಮೀನಾಜ್ ಫೋನ್ ಕಟ್ ಮಾಡಿದಳು.