ಸವೆದ ಗೇರ್‌ಬಾಕ್ಸಿನ ಲೆಕ್ಕ

ಆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರೆ ಸಾಕು, ಒಳಗೆ ಯಾವ ಬೇರಿಂಗಿಗೆ ಏನು ಕಾಯಿಲೆ ಎಂದು ಹೇಳಿಬಿಡುತ್ತಿದ್ದರು. ಆದರೆ ಅದೇ ಕೈಗೆ ಪೆನ್ನು ಕೊಟ್ಟಿರೋ, ಕಥೆ ಮುಗಿಯಿತು. ಅರ್ಧ ಪುಟ ಬರೆಯಲು ಅರ್ಧ ದಿನ ಬೇಕು, ಅದರಲ್ಲೂ ಅರ್ಧ ಹೊತ್ತು ಪೆನ್ನಿನ ಮುಚ್ಚಳ ಕಚ್ಚುವುದರಲ್ಲೇ ಹೋಗುತ್ತಿತ್ತು.

ಅಂಥವರು ಆ ಸೋಮವಾರ ಎರಡು ಪುಟ ಬರೆದಿದ್ದರು. ವಿಷಯ: ಪಲ್ಪರ್ ಗೇರ್‌ಬಾಕ್ಸ್ ಬದಲಾಯಿಸುವ ಬಗ್ಗೆ.

ಅದು ರದ್ದಿಯಿಂದ ಕಾಗದ ಮಾಡುವ ಕಾರ್ಖಾನೆ. ಹಳೆಯ ರಟ್ಟು, ಹರಿದ ಪೆಟ್ಟಿಗೆ, ಊರವರೆಲ್ಲ ಎಸೆದ ಕಾಗದ ಬಂದು ಮೊದಲು ಬೀಳುವುದು ಪಲ್ಪರ್ ಎಂಬ ದೊಡ್ಡ ತೊಟ್ಟಿಗೆ. ತಳದಲ್ಲಿ ತಿರುಗುವ ರೆಕ್ಕೆ ಅದನ್ನು ನೀರಿನ ಜೊತೆ ಕಲಸಿ ಗಂಜಿ ಮಾಡುತ್ತದೆ. ಆ ರೆಕ್ಕೆಯನ್ನು ತಿರುಗಿಸುವುದೇ ತೊಟ್ಟಿಯ ಕೆಳಗೆ ಕತ್ತಲಲ್ಲಿ ಕೂತ ಈ ಗೇರ್‌ಬಾಕ್ಸ್. ಹಲ್ಲುಗಳ ಮೇಲೆ ಗುಳಿ ಬಿದ್ದಿದೆ, ಎಣ್ಣೆ ಬಸಿದರೆ ತಳದ ಆಯಸ್ಕಾಂತಕ್ಕೆ ಉಕ್ಕಿನ ಚೂರು ಮೆತ್ತಿಕೊಂಡಿರುತ್ತದೆ, ಸ್ವಲ್ಪ ಭಾರ ಜಾಸ್ತಿಯಾದರೂ ಕಾದು ಕೆಂಡವಾಗುತ್ತದೆ. ಅದು ಮೊಂಡು ಹಿಡಿದಾಗಲೆಲ್ಲ ಡಾಕ್ಟರಿಗೆ ಫೋನು. ಮಗಳ ಮದುವೆಯ ದಿನ ಊಟದ ಎಲೆಯ ಮುಂದಿನಿಂದ ಎದ್ದು ಬಂದಿದ್ದರು ಪುಣ್ಯಾತ್ಮರು! ಹೆಂಡತಿಯಂತೂ ಆ ಗೇರ್‌ಬಾಕ್ಸಿಗೆ "ನನ್ನ ಸವತಿ" ಎಂದೇ ಹೆಸರಿಟ್ಟಿದ್ದಳು.

ಈಗ ಆ ಮಗಳು ಬಸುರಿ. ಇರುವುದು ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಊರಿನಲ್ಲಿ. "ಮದುವೆ ಊಟಕ್ಕಂತೂ ಕೂರಲಿಲ್ಲ, ಹೆರಿಗೆಗಾದ್ರೂ ಇರ್ತೀಯಾ ಅಪ್ಪ?" ಎಂದು ಕೇಳಿದ್ದಳು. "ಇರ್ತೀನಮ್ಮ" ಎಂದು ಡಾಕ್ಟರು ಮಾತು ಕೊಟ್ಟುಬಿಟ್ಟಿದ್ದರು. ಹೆರಿಗೆಗೆ ಇನ್ನು ಮೂರು ತಿಂಗಳು. ಹೊಸ ಗೇರ್‌ಬಾಕ್ಸ್ ಮಾಡಿಸಿ ತರಲು ಹತ್ತು ವಾರ ಬೇಕು. ಈ ವಾರ ಆರ್ಡರ್ ಹೋದರೆ ಅದನ್ನು ಕೂರಿಸಿ ನಿಶ್ಚಿಂತೆಯಿಂದ ಹೊರಡಬಹುದು, ಇಲ್ಲದಿದ್ದರೆ ಮಗಳ ಮುಂದೆ ಮತ್ತೊಮ್ಮೆ ಸುಳ್ಳುಗಾರ. ಅದಕ್ಕೇ ಈ ಎರಡು ಪುಟದ ಸಾಹಸ.

ಪ್ಲಾಂಟ್ ಮ್ಯಾನೇಜರ್ ಮೇಡಂ ಎರಡು ಪುಟವನ್ನೂ ಸಾವಕಾಶವಾಗಿ ಓದಿದರು. ಆಕೆ ದನಿ ಎತ್ತುವವರಲ್ಲ. ಎತ್ತಿದ್ದರೆ ಡಾಕ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೋದ ವರ್ಷ ಪಲ್ಪರ್ ಐವತ್ತು ಗಂಟೆ ನಿಂತಿದೆ. ಗಂಟೆಗೆ ನಲವತ್ತು ಸಾವಿರ ನಷ್ಟ. ಒಟ್ಟು ಇಪ್ಪತ್ತು ಲಕ್ಷ. ಗೇರ್‌ಬಾಕ್ಸ್ ಹದಿನೆಂಟು ಲಕ್ಷ. ಹೀಗಲ್ವಾ ನಿಮ್ಮ ಲೆಕ್ಕ?"

"ಹೌದು ಮೇಡಂ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಬೇಕು, ಹುಣ್ಣು ಅಂಗೈಯಲ್ಲಿ ಇಲ್ದೇ ಇದ್ರೆ" ಎಂದು ಮೇಡಂ ನಕ್ಕರು. "ನಲವತ್ತು ಸಾವಿರ ಅನ್ನೋದು ಕಾಗದದ ಮೆಷಿನ್ ನಿಂತ್ರೆ ಆಗೋ ನಷ್ಟ. ಪಲ್ಪರ್ ನಿಂತ ತಕ್ಷಣ ಕಾಗದ ನಿಲ್ಲಲ್ಲ. ನಡುವೆ ಗಂಜಿ ತುಂಬಿದ ಇನ್ನೊಂದು ತೊಟ್ಟಿ ಇದೆ, ಅದು ಮೂರು ಗಂಟೆ ಮೆಷಿನ್ ಓಡಿಸತ್ತೆ. ಹೋದ ವರ್ಷ ಇದರಿಂದ ಕಾಗದ ನಿಂತಿದ್ದು ಬರೀ ಎರಡು ಗಂಟೆ. ಅಂದ್ರೆ ಎಂಬತ್ತು ಸಾವಿರ. ಎಂಬತ್ತು ಸಾವಿರ ಉಳಿಸೋಕೆ ಹದಿನೆಂಟು ಲಕ್ಷ ಕೊಡಿ ಅಂತ ನಾನು ಮೇಲಿನವರಿಗೆ ಹೇಗೆ ಹೇಳ್ಲಿ?"

ಆ ಗಂಜಿ ತೊಟ್ಟಿ ಖಾಲಿಯಾಗುವ ಮುಂಚೆ ಪಲ್ಪರನ್ನು ಎಬ್ಬಿಸಿ ಓಡಿಸುವುದೇ ಡಾಕ್ಟರ ಹೆಮ್ಮೆ. ಕಾಗದ ನಿಲ್ಲಬಾರದು ಎಂದು ವರ್ಷಗಟ್ಟಲೆ ಎದ್ದೂ ಬಿದ್ದೂ ಓಡಿದ್ದರು. ಆ ಓಟವೇ ಈಗ ತಿರುಗಿ ಬಂದು ಅವರ ಕಾಲಿಗೇ ತೊಡರಿಕೊಂಡಿತ್ತು. ತಾನೇ ತೋಡಿದ ಗುಂಡಿ, ಬೈಯುವುದಾದರೂ ಯಾರನ್ನು?

"ಇನ್ನೊಂದು ಕೇಳ್ತೀನಿ" ಎಂದರು ಮೇಡಂ. "ನೀವು ರಜೆ ಮೇಲಿದ್ದಾಗ ಪಲ್ಪರ್ ನಿಂತ್ರೆ ಸರಿ ಮಾಡೋಕೆ ಎಷ್ಟು ಹೊತ್ತು ಹಿಡಿದಿದೆ?"

"ಗೊತ್ತಿಲ್ಲ ಮೇಡಂ."

"ಯಾಕೆ?"

"ನಾನು ಒಂದು ದಿನಾನೂ ಪೂರ್ತಿ ರಜೆ ತಗೊಂಡಿಲ್ಲ."

ಮೇಡಂ ಪುಟಗಳನ್ನು ಮಡಚಿ ಅವರತ್ತ ಸರಿಸಿದರು. "ಹಾಗಾದ್ರೆ ಎರಡು ಗಂಟೆ ಅನ್ನೋದು ಗೇರ್‌ಬಾಕ್ಸಿನ ಲೆಕ್ಕ ಅಲ್ಲ, ನಿಮ್ಮ ಲೆಕ್ಕ. ನೀವಿಲ್ದೇ ಇದ್ರೆ ಏನು, ಅದು ಪೂರ್ತಿ ಮುರಿದ್ರೆ ಏನು, ಅದನ್ನ ಬರ್ಕೊಂಡು ಬನ್ನಿ. ನಾಳೆ ಸಂಜೆಯೊಳಗೆ ಕೊಡಿ. ಬುಧವಾರ ಖರೀದಿ ಮೀಟಿಂಗ್ ಇದೆ, ಅದು ಬಿಟ್ರೆ ಮುಂದಿನ ತಿಂಗಳೇ."

ಮುಂದಿನ ತಿಂಗಳೆಂದರೆ ಗೇರ್‌ಬಾಕ್ಸಿಗಿಂತ ಮುಂಚೆ ಮಗು ಬಂದಿರುತ್ತದೆ. ಡಾಕ್ಟರು ಮೆಟ್ಟಿಲಿಳಿದು ಬಂದಾಗ ಫಿಟ್ಟರ್ ಕಾದಿದ್ದ. ಎರಡನೇ ಪಾಳಿಯ ಹಿರಿಯ ಫಿಟ್ಟರ್, ದಪ್ಪ ಮೀಸೆಯವನು, ಹಾಗಾಗಿ ಎಲ್ಲರ ಬಾಯಲ್ಲೂ ಮೀಸೆ.

"ಏನಂದ್ರು ಸರ್?"

"ಏನಿಲ್ಲ ಮೀಸೆ. ಒಂದು ಮಾತು ಕೇಳ್ತೀನಿ, ಮುಲಾಜಿಲ್ದೆ ಹೇಳು. ನಾನಿಲ್ದೇ ಇದ್ದಾಗ ಗೇರ್‌ಬಾಕ್ಸ್ ಕೈ ಕೊಟ್ರೆ ನೀನೊಬ್ಬನೇ ಎಷ್ಟು ಹೊತ್ತಲ್ಲಿ ಎಬ್ಬಿಸ್ತೀಯ?"

ಮೀಸೆ ಕೈಯೊರೆಸುವ ಬಟ್ಟೆಯನ್ನು ಹಿಂದೆ ಮುಂದೆ ಮಡಚಿದ. "ಹೇಳಲಾ ಸರ್? ನೀವು ನನ್ನ ಒಂದು ದಿನವಾದ್ರೂ ಒಳಗೆ ಕೈ ಹಾಕೋಕೆ ಬಿಟ್ಟಿದ್ದೀರಾ? ಟಾರ್ಚ್ ಹಿಡಿ ಮೀಸೆ, ಸ್ಪ್ಯಾನರ್ ಕೊಡು ಮೀಸೆ, ಪಕ್ಕಕ್ಕೆ ಸರಿ ಮೀಸೆ. ಇಷ್ಟೇ ನನ್ನ ವಿದ್ಯೆ. ಎಂಟು ಗಂಟೆ ಹಿಡೀಬಹುದು. ಅದೂ ದೇವರು ಕಣ್ಣು ಬಿಟ್ರೆ."

ಡಾಕ್ಟರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಹಳೆಯ ಹತ್ತಿ ಬಟ್ಟೆ ಕತ್ತರಿಸಿ ಮಗುವಿಗೆಂದು ಚೌಕ ಚೌಕ ಹೊಲಿಯುತ್ತಿದ್ದಳು. ಡಾಕ್ಟರು ಎದುರಿಗೆ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ಲೆಕ್ಕವೇನೋ ಒಂದೊಂದಾಗಿ ಕೂಡಿಬಂತು. ಹಲ್ಲು ಮುರಿದು ಗೇರ್‌ಬಾಕ್ಸ್ ತಿರುಗದೆ ಹಿಡಿದುಕೊಂಡರೆ ಅದು ಯಾವ ಡಾಕ್ಟರಿಗೂ ಬಗ್ಗುವ ಕಾಯಿಲೆಯಲ್ಲ. ಬದಲಿ ಗೇರ್‌ಬಾಕ್ಸ್ ಇಲ್ಲ. ಹೊರಗಿನ ವರ್ಕ್‌ಶಾಪಿನಲ್ಲಿ ಹೊಸ ಗೇರ್ ಕಡೆಸಿ, ಮತ್ತೆ ಜೋಡಿಸಿ ಕೂರಿಸಲು ಒಂಬತ್ತು ದಿನ. ಮೂರು ಗಂಟೆಯೊಳಗೆ ಗಂಜಿ ಮುಗಿಯುತ್ತದೆ, ಆಮೇಲೆ ಪೂರ್ತಿ ಒಂಬತ್ತು ದಿನವೂ ಕಾಗದವಿಲ್ಲ. ಮೆಷಿನ್ ನಿಂತಾಗ ರದ್ದಿಯೂ ಕಾಗದ ಒಣಗಿಸುವ ಉಗಿಯೂ ಖರ್ಚಾಗುವುದಿಲ್ಲ, ಆ ಉಳಿತಾಯವನ್ನು ಕಳೆದೇ ಗಂಟೆಗೆ ನಲವತ್ತು ಸಾವಿರ. ಆ ದರಕ್ಕೆ ಒಂಬತ್ತು ದಿನವೆಂದರೆ ಎಂಬತ್ತಾರು ಲಕ್ಷ. ಯಾವಾಗ ಮುರಿಯುತ್ತದೆಂದು ಹೇಳುವುದಕ್ಕೆ ಅವರೇನು ಜ್ಯೋತಿಷಿಯೇ? ಆದರೆ ಮುಂದಿನ ವರ್ಷದೊಳಗೆ ಮುರಿಯುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಎಂದು ಹಿಡಿದರೂ ಎಂಬತ್ತಾರರ ಕಾಲು ಭಾಗ ಗೇರ್‌ಬಾಕ್ಸಿನ ಬೆಲೆಯನ್ನು ದಾಟುತ್ತದೆ. ಅದೇ ನಾವಾಗಿ ವಾರದ ರಜೆಯ ದಿನ ಬದಲಾಯಿಸಿದರೆ ಒಂದು ಪಾಳಿಯ ಕೆಲಸ, ಕಾಗದಕ್ಕೆ ನಷ್ಟವೇ ಇಲ್ಲ. ಹಳೆಯದನ್ನು ದುರಸ್ತಿ ಮಾಡಿಸಿ ಬದಲಿಯಾಗಿ ಇಟ್ಟುಕೊಳ್ಳಬಹುದು.

ಇಲ್ಲಿಗೆ ಪೆನ್ನು ನಿಂತಿತು. ನಿಂತದ್ದು ಮುಂದಕ್ಕೆ ಹೋಗಲೊಲ್ಲದು.

"ಏನ್ರೀ, ಮತ್ತೆ ಎಲ್ಲಿ ಸಿಕ್ಕಾಕ್ಕೊಂಡ್ರಿ?"

"ನಾನಿಲ್ದೇ ಇದ್ರೆ ಏನಾಗತ್ತೆ ಅಂತ ಬರೀಬೇಕಂತೆ. ಮೀಸೆಗೆ ಬರಲ್ಲ ಅಂತ ಬರೆದ್ರೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗೆ."

"ಅವನಿಗೆ ಯಾಕೆ ಬರಲ್ಲ?"

"ನಾನು ಕಲಿಸಿಲ್ಲ."

"ಹಾಗಂತ ಬರೀರಿ."

"ಏನೇ ಹೇಳ್ತಿದ್ದೀಯ? ಇಷ್ಟು ವರ್ಷ ಸೂಪರ್‌ವೈಸರ್ ಆಗಿ, ಯಾರಿಗೂ ಕಲಿಸಿಲ್ಲ ಅಂತ ನಾನೇ ಸಹಿ ಹಾಕಿ ಕೊಡ್ಲಾ? ನನ್ನ ಮರ್ಯಾದೆ?"

ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದಳು. "ಮರ್ಯಾದೇನ ತೊಟ್ಟಿಲಿಗೆ ಹಾಕಿ ತೂಗ್ತೀರಾ? ಯಾಕೆ ಕಲಿಸಲಿಲ್ಲ ಅಂತ ನಂಗೊತ್ತು. ಫೋನ್ ಬಂದಾಗೆಲ್ಲ ಬೈಕೊಂಡೇ ಎದ್ದು ಹೋಗ್ತಿದ್ರಿ. ಆದ್ರೆ ನಿಮ್ಮ ಮುಖ ನಾನು ನೋಡಿಲ್ವಾ? ಮದುವೆ ದಿನಾನೂ ನೋಡಿದೆ. ಒಳಗೊಳಗೇ ಖುಷಿ, ನಾನಿಲ್ದೇ ಇದ್ರೆ ನಡಿಯಲ್ಲ ಅಂತ."

ಆ ಮಾತು ಎದೆಗೆ ನಾಟಿತು. ಡಾಕ್ಟರಿಗೆ ನಿಜಕ್ಕೂ ನಾಚಿಕೆಯಾಯಿತು, ಹೆಂಡತಿಯ ಮುಖ ನೋಡಲಾಗಲಿಲ್ಲ. ಪೆನ್ನಿನ ಮುಚ್ಚಳ ಪಕ್ಕಕ್ಕಿಟ್ಟು ಬರೆದರು: "ಇದುವರೆಗೆ ಕಾಗದ ನಿಲ್ಲದಿರಲು ಕಾರಣ ಗೇರ್‌ಬಾಕ್ಸ್ ಚೆನ್ನಾಗಿರುವುದಲ್ಲ. ಪ್ರತಿ ಸಲವೂ ನಾನೇ ಬಂದಿದ್ದೇನೆ. ಫಿಟ್ಟರ್‌ಗಳಿಗೆ ನಾನು ಕಲಿಸಿಲ್ಲ, ತಪ್ಪು ನನ್ನದು. ನಾನಿಲ್ಲದಿದ್ದರೆ ಒಂದೊಂದು ಸಲವೂ ಎಂಟು ಗಂಟೆ ಹಿಡಿಯುತ್ತದೆ, ಅದರಲ್ಲಿ ಐದು ಗಂಟೆ ಕಾಗದ ನಿಲ್ಲುತ್ತದೆ. ಮೂರು ತಿಂಗಳ ನಂತರ ನನಗೆ ಮೂರು ವಾರ ರಜೆ ಬೇಕು. ಗೇರ್‌ಬಾಕ್ಸ್ ಬಂದರೂ ಬೇಕು, ಬಾರದಿದ್ದರೂ ಬೇಕು."

ಕೊನೆಯ ಸಾಲು ಬರೆಯಬೇಕೆಂದು ಅವರು ಅಂದುಕೊಂಡಿರಲಿಲ್ಲ. ಬರೆದ ಮೇಲೆ ಹೊಡೆದುಹಾಕಲು ಮನಸ್ಸಾಗಲಿಲ್ಲ.

ಮರುದಿನ ಮೇಡಂ ಓದಿದರು. ಎಂಬತ್ತಾರು ಲಕ್ಷದ ಹತ್ತಿರ ಪೆನ್ಸಿಲಿನಿಂದ ಗುಣಿಸಿ ನೋಡಿ ಸರಿಯೆಂದು ಗುರುತು ಹಾಕಿದರು. ಕೊನೆಯ ಭಾಗವನ್ನು ಎರಡು ಸಲ ಓದಿ ಪೆನ್ಸಿಲು ಕೆಳಗಿಟ್ಟರು.

"ಇಷ್ಟು ಬರೆಯೋ ಅಗತ್ಯ ಇರ್ಲಿಲ್ಲ" ಎಂದರು.

"ಇದ್ದದ್ದು ಇದ್ದ ಹಾಗೆ ಮೇಡಂ."

"ಹೂಂ. ಹಾಗಾದ್ರೆ ಹೊಸದನ್ನ ಕೂರಿಸೋದು ನೀವಲ್ಲ, ಫಿಟ್ಟರ್. ನೀವು ಟಾರ್ಚ್ ಹಿಡೀರಿ" ಎಂದು ಸಹಿ ಮಾಡಿದರು. ಬುಧವಾರದ ಮೀಟಿಂಗಿನಲ್ಲೂ ಒಪ್ಪಿಗೆ ಸಿಕ್ಕಿತು.

ಗೇರ್‌ಬಾಕ್ಸ್ ಹೇಳಿದ ವಾರಕ್ಕೆ ಬಂತು. ವಾರದ ರಜೆಯ ದಿನ ಪಲ್ಪರ್ ಬಸಿದು ಮೀಸೆ ಅದರ ಕೆಳಗೆ ನುಸುಳಿದ, ಡಾಕ್ಟರು ಟಾರ್ಚ್ ಹಿಡಿದರು. ಮೋಟರಿನ ಶಾಫ್ಟೂ ಗೇರ್‌ಬಾಕ್ಸಿನ ಶಾಫ್ಟೂ ಒಂದೇ ಗೆರೆಗೆ ಬರುವವರೆಗೆ ತೆಳು ತಗಡಿನ ಚೂರು ಇಟ್ಟು, ತೆಗೆದು, ಮತ್ತೆ ಇಟ್ಟು ಮೀಸೆ ಬೆವರಿಳಿಸಿದ. ಮೂರು ಸಲ ಡಾಕ್ಟರ ಕೈ ತಾನಾಗಿ ಮುಂದೆ ಹೋಯಿತು, ಮೂರು ಸಲವೂ "ಪಕ್ಕಕ್ಕೆ ಸರೀರಿ ಸರ್" ಎಂದ ಭೂಪ! ಪಾಳಿ ಮುಗಿಯುವ ಹೊತ್ತಿಗೆ ಪಲ್ಪರ್ ತಿರುಗಿತು. ಮೀಸೆ ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತ. ಡಾಕ್ಟರು ತಮಗೂ ಒಮ್ಮೆ ಕೊಡು ಎಂದು ಕೇಳಲಿಲ್ಲ. ಕೇಳಬೇಕೆಂದು ಜೀವ ಹೋಗುತ್ತಿತ್ತು.

ಮಗಳ ಊರಿಗೆ ಹೋದ ವಾರಕ್ಕೆ ಹೆರಿಗೆಯಾಯಿತು. ಹೆಣ್ಣು ಮಗು. ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಗೋಡೆಗೊರಗಿ ನಿಂತಿದ್ದರು. ಹೆಂಡತಿ ಮಗುವಿನ ಬಟ್ಟೆ ಜೋಡಿಸುತ್ತಿದ್ದಳು, ಅಳಿಯ ಔಷಧಿ ತರಲು ಹೋಗಿದ್ದ. ಇವರಿಗೆ ಮಾತ್ರ ಮಾಡಲು ಏನೂ ಕೆಲಸವಿರಲಿಲ್ಲ, ಯಾರೂ ಏನೂ ಕೇಳುತ್ತಲೂ ಇರಲಿಲ್ಲ. ತಾನಿಲ್ಲದೆಯೂ ಅಲ್ಲಿ ಕಾರ್ಖಾನೆ ನಡೆಯುತ್ತಿದೆ, ಇಲ್ಲೂ ಎಲ್ಲ ನಡೆಯುತ್ತದೆ.

ಮಗಳು ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದಳು. "ಯಾವಾಗ ಹೊರಡ್ತೀಯ ಅಪ್ಪ?" ಎಂದಳು. ಅದರಲ್ಲಿ ದೂರಿರಲಿಲ್ಲ, ಅಭ್ಯಾಸವಾಗಿ ಹೋದ ಪ್ರಶ್ನೆ ಅದು.

"ಹೊರಡಲ್ಲಮ್ಮ. ಅಲ್ಲಿ ನನ್ನ ಕೆಲಸ ಇಲ್ಲ."

"ಇಲ್ಲೂ ಇಲ್ವಲ್ಲ ಅಪ್ಪ ನಿಂಗೆ ಕೆಲಸ."

"ಇಲ್ಲ. ಸುಮ್ನೆ ಇರ್ತೀನಿ."

ಅವಳು ಅಪ್ಪನನ್ನು ನಂಬಬೇಕೋ ಬೇಡವೋ ಎಂಬಂತೆ ನೋಡಿದಳು. ಆಮೇಲೆ ಹಾಸಿಗೆಯಲ್ಲಿ ಒಂದಿಷ್ಟು ಸರಿದು ಅಂಚಿನಲ್ಲಿ ಜಾಗ ಮಾಡಿಕೊಟ್ಟಳು.

"ಹಾಗಾದ್ರೆ ಕೂತ್ಕೋ" ಎಂದಳು.